ಗೆರೆಯಿಂದ ಕೆಳಗಿದ್ದ ಏಳು ಚುಕ್ಕೆಗಳು

ಏಳು ಚುಕ್ಕೆಗಳನ್ನು ಅಳಿಸಿದ್ದು ಅನುಸೂಯಾಳೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

೧೯೯೯ರ ಬೇಸಿಗೆಯಲ್ಲಿ ಅವಳು ಪುಣೆಯ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದ ಕೆಲಸಕ್ಕಿದ್ದಳು. ಸಾಸವಡ ರಸ್ತೆಯ ಕಲ್ಲು ಕ್ರಷರುಗಳಲ್ಲಿ ದುಡಿಯುವ ಮುನ್ನೂರ ಹನ್ನೆರಡು ಮಂದಿಯ ಉಸಿರು ಅಳೆಯಬೇಕಿತ್ತು. ಹೆಚ್ಚಿನವರು ಯಾದಗಿರಿ, ಸುರಪುರದ ಕಡೆಯವರು. ಕೊಳವೆ ಬಾಯಿಗಿಟ್ಟು ಊದಿ ಅಂದರೆ ಯಾರು ಊದುತ್ತಾರೆ? ರೋಗ ಬಂದೀತು, ಕೆಲಸ ಹೋದೀತು ಅಂತ ಎಲ್ಲರೂ ಹಿಂದೇಟು ಹಾಕಿದರು. ಆಗ ಅವಳ ಕೈ ಹಿಡಿದು ಗುಡಿಸಲಿನಿಂದ ಗುಡಿಸಲಿಗೆ ಕರೆದೊಯ್ದವಳು ಕಾಶವ್ವ. ಅವಳೂ ಅವಳ ಗಂಡನೂ ಅಲ್ಲೇ ಕಲ್ಲು ಹೊರುವವರು. "ನಮ್ಮ ಕಡಿ ಹುಡುಗಿ ಅದಾಳ, ಊದ್ರಿ, ಏನೂ ಆಗಂಗಿಲ್ಲ" ಅಂತ ಹೇಳಿ ಹೇಳಿ ಎಲ್ಲರನ್ನೂ ಸಾಲಾಗಿ ಕೂರಿಸಿದಳು.

ಅಷ್ಟು ಮಾಡಿದ್ದಕ್ಕೆ ಅವಳು ಕೇಳಿದ್ದು ಒಂದೇ ಮಾತು. ಉಸಿರು ತೀರಾ ಕಡಿಮೆ ಇದ್ದವರ ಪಟ್ಟಿ ಮಾಡಿ ದೊಡ್ಡ ಆಸ್ಪತ್ರೆಗೆ ಎಕ್ಸ್‌ರೇಗೆ ಕರೆಸುತ್ತಾರೆಂದು ಅವಳಿಗೆ ಗೊತ್ತಿತ್ತು. "ನಮ್ಮ ಮನಿಯಾಂವ ಅಂಬಣ್ಣ ಭಾಳ ಕೆಮ್ಮತಾನ್ರಿ ಬಾಯಾರ. ದವಾಖಾನಿಗೆ ನಡಿ ಅಂತ ನಾ ಹೇಳಿದ್ರ ಕೇಳಂಗಿಲ್ಲ. ಪಟ್ಟಿ ಕರದ್ರ ಬರ್ತಾನ."

"ಕಡಿಮಿ ಇದ್ರ ಹೆಸರು ಬಂದ ಬರ್ತದ, ಅಕ್ಕಾ," ಅಂದಿದ್ದಳು ಅನುಸೂಯಾ.

ಇನ್ನು ಲೆಕ್ಕದ ಕಥೆ. ವಯಸ್ಸು, ಎತ್ತರ, ಹೆಣ್ಣೋ ಗಂಡೋ, ಬೀಡಿ ಸೇದುತ್ತಾರೋ ಇಲ್ಲವೋ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕ್ರಷರಿನಲ್ಲಿ ಕಳೆದ ಒಂದೊಂದು ವರ್ಷಕ್ಕೂ ಉಸಿರು ಎಷ್ಟು ಕುಗ್ಗುತ್ತದೆ ಎಂದು ಅವಳು ಕಂಡುಹಿಡಿದಳು. ಮೂವತ್ತೊಂದು ಮಿಲಿಲೀಟರ್. ಲೆಕ್ಕ ಹೇಳಿದ ಉಸಿರಿಗೂ ಮನುಷ್ಯ ನಿಜವಾಗಿ ಊದಿದ ಉಸಿರಿಗೂ ಇರುವ ವ್ಯತ್ಯಾಸವೇ ಶೇಷ. ಆ ಶೇಷಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಅವು ನಡುವೆ ಹೆಚ್ಚು, ಎರಡೂ ತುದಿಗೆ ಕಡಿಮೆ ಇರುವ ನಾರ್ಮಲ್ ಹಂಚಿಕೆಯವೇ ಆಗಿದ್ದರೆ ಎಲ್ಲೆಲ್ಲಿ ಇರಬೇಕಿತ್ತೋ ಅದರ ಎದುರಿಗೆ ಚುಕ್ಕೆ ಇಟ್ಟಳು. ನಾರ್ಮಲ್ ಆಗಿದ್ದರೆ ಚುಕ್ಕೆಗಳು ನೇರ ಗೆರೆಯ ಮೇಲೆ ಕೂರಬೇಕು. ಮುನ್ನೂರ ಐದು ಕೂತಿದ್ದವು. ಎಡಗಡೆಯ ಕೊನೆಯಲ್ಲಿ ಏಳು ಮಾತ್ರ ಗೆರೆ ಬಿಟ್ಟು ಕೆಳಕ್ಕೆ ಜಾರಿದ್ದವು.

ವಿಭಾಗದ ಮುಖ್ಯಸ್ಥ ಸದಾನಂದ ವಿಜಾಪುರದವರು. ಅವರು ಚಿತ್ರದ ಮೇಲೆ ಕಣ್ಣಾಡಿಸಿ, ಕೆಳಗಿದ್ದ ನಾರ್ಮಲ್ ಪರೀಕ್ಷೆಯ ಸಂಖ್ಯೆಗೆ ಬೆರಳಿಟ್ಟರು. ಪಿ ಬೆಲೆ ೦.೦೦೨; ಅದು ೦.೦೫ಕ್ಕಿಂತ ಕೆಳಗಿದ್ದರೆ ಶೇಷಗಳು ನಾರ್ಮಲ್ ಅಲ್ಲ ಅಂತ ಅರ್ಥ. "ಟೆಸ್ಟ್ ಫೇಲ್ ಆಗೇದಲ್ಲ. ವರದಿ ನೋಡೂ ಸಮಿತಿಯವರು ಮೊದಲು ಇದನ್ನ ನೋಡ್ತಾರ."

"ಸರ್, ಮುನ್ನೂರು ಮಂದಿ ಇದ್ದಾಗ ಈ ಟೆಸ್ಟು ಸಣ್ಣ ಡೊಂಕಿಗೂ ಕೂಗ್ತದ. ನಮಗ ಬೇಕಾದದ್ದು ಸರಾಸರಿ ಕುಗ್ಗುವಿಕೆ. ಇಷ್ಟು ಮಂದಿ ಇದ್ರ ಅದರ ಅಂದಾಜಿಗೆ ಇದರಿಂದ ಏನೂ ಧಕ್ಕಿ ಇಲ್ಲ. ಇಪ್ಪತ್ತೇ ಮಂದಿ ಇದ್ದಿದ್ರ ಬ್ಯಾರೆ ಮಾತು."

"ನನಗ ಗೊತ್ತದರಿ. ಅವರಿಗೆ ಯಾರು ತಿಳಿಸಿ ಹೇಳ್ತಾರ? ಆ ಏಳು ಮಂದಿ ಸರಿ ಊದಿಲ್ಲ ಕಾಣ್ತದ. ತಗದು ನೋಡ್ರಿ."

ಅಲ್ಲ, ಇಷ್ಟು ಓದಿದ ಹುಡುಗಿ, ಇನ್ನೊಂದು ಮಾತು ಎದುರಾಡಿದ್ದರೆ ಏನು ಗಂಟು ಹೋಗುತ್ತಿತ್ತು? ಆಡಲಿಲ್ಲ. ಮನುಷ್ಯರ ಹೆಸರು ಬೇರೆ ದಫ್ತರಿನಲ್ಲಿತ್ತು, ಕಂಪ್ಯೂಟರಿನಲ್ಲಿ ಇದ್ದದ್ದು ಬರೀ ನಂಬರು. ೪೧, ೮೮, ೧೪೩ ಎಂದು ಏಳು ಸಾಲು ಅಳಿಸಿದಳು. ದಫ್ತರು ಕೈಗೆಟಕುವ ಕಪಾಟಿನಲ್ಲೇ ಇತ್ತು. ತೆಗೆದು ನೋಡಲಿಲ್ಲ. ಪಿ ಬೆಲೆ ೦.೩೧ ಆಯಿತು, ಗೆರೆ ನೆಟ್ಟಗಾಯಿತು. ಮೂವತ್ತೊಂದು ಇದ್ದದ್ದು ಇಪ್ಪತ್ತೊಂಬತ್ತಾಯಿತು, ಅಷ್ಟೇ. ಅಂದರೆ ಅಳಿಸಿದ್ದರಿಂದ ಧೂಳಿನ ತೀರ್ಪು ಒಂದಿಷ್ಟೂ ಬದಲಾಗಲಿಲ್ಲ. ಧೂಳು ಆಗಲೂ ಕೊಲ್ಲುತ್ತಿತ್ತು, ಈಗಲೂ ಕೊಲ್ಲುತ್ತಿತ್ತು. ಅವಳು ಹಳೆಯ ಫೈಲಿನ ಹೆಸರಲ್ಲೇ ಹೊಸದನ್ನು ಉಳಿಸಿದಳು.

ಆಸ್ಪತ್ರೆಯ ಪಟ್ಟಿ ತಯಾರಾದದ್ದು ಅದೇ ಫೈಲಿನಿಂದ. ನಲವತ್ತೊಂದು ಹೆಸರು, ಅಳಿಸಿದ ಏಳು ಅದರಲ್ಲಿರಲಿಲ್ಲ. ಸರಾಸರಿಗೆ ಬೇಡವಾದ ಆ ತುದಿ, ಒಬ್ಬೊಬ್ಬ ಮನುಷ್ಯನ ಮಾತು ಬಂದಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ ಜಾಗ. ಇದು ಅವಳಿಗೆ ಗೊತ್ತಿಲ್ಲದ ಪಾಠವೇನಲ್ಲ. ಆದರೆ ಸಮಿತಿ ವರದಿಯನ್ನು ಹೊಗಳಿತು, ಸದಾನಂದ ಚಹಾ ಕುಡಿಸಿದರು, ಅವಳು ಮರೆತಳು.

ದೀಪಾವಳಿ ಕಳೆದ ಮೇಲೆ ಎರಡನೇ ಸುತ್ತಿನ ಅಳತೆಗೆ ಹೋದಾಗ ಕಾಶವ್ವ ಸಾಲು ಕೂರಿಸಲು ಬರಲಿಲ್ಲ. ಅಂಬಣ್ಣ ತೀರಿಕೊಂಡು ಹದಿನೆಂಟು ದಿನವಾಗಿತ್ತು. ರಕ್ತ ಕಾರಿದ ಮೇಲೆ ಆಸ್ಪತ್ರೆಗೆ ಒಯ್ದರಂತೆ. ಧೂಳು ತಿಂದ ಎದೆಗೆ ಟಿಬಿ ಹತ್ತಿತ್ತು, ಆರು ತಿಂಗಳು ಮೊದಲೇ ಬಂದಿದ್ದರೆ ಔಷಧಿ ನಾಟುತ್ತಿತ್ತು ಅಂದರಂತೆ ಡಾಕ್ಟರು.

ಅನುಸೂಯಾ ಗುಡಿಸಲಿಗೆ ಹೋಗಲಿಲ್ಲ. ಮೊದಲ ಬಸ್ಸು ಹಿಡಿದು ಆಫೀಸಿಗೆ ಬಂದು ದಫ್ತರು ತೆಗೆದಳು. ನಂಬರು ೧೪೩, ಅಂಬಣ್ಣ. ಪಕ್ಕದಲ್ಲಿ ಅವಳದೇ ಅಕ್ಷರ: ಮೂರು ಸಲವೂ ಸರಿಯಾಗಿ ಊದಿದ್ದಾರೆ. ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು. ಮಿಕ್ಕ ಆರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಮರುದಿನ ಬೆಳಿಗ್ಗೆ ಕಾಶವ್ವನ ಬಾಗಿಲಿಗೆ ಹೋದಳು.

ಕಾಶವ್ವ ಚಾಪೆ ಹಾಸಿದಳು. ಹಣೆ ಬೋಳಾಗಿತ್ತು. "ಪಟ್ಟಿ ಬಂದ ದಿನಾ ಎಷ್ಟ್ ಖುಷಿ ಆಗಿದ್ದ ಗೊತ್ತೇನ್ರಿ ಬಾಯಾರ. ನನ್ನ ಹೆಸರಿಲ್ಲ, ನನ್ನ ಎದಿ ಗಟ್ಟಿ ಅದ ಅಂತ ಕೇರಿಗೆಲ್ಲಾ ಸಕ್ರಿ ಹಂಚಿದ. ಮರುದಿನಾನ ಡಬಲ್ ಪಾಳಿ ಹಿಡದ. ಕೆಮ್ಮಿದ್ರ ನಾ ಬೈಯಾಕ ಹೋದ್ರ, ಮಷೀನೇ ಹೇಳೇದ, ನಿಂದೇನ ಅಂತಿದ್ದ. ನಾನೂ ನಂಬಿದೆ."

ಅನುಸೂಯಾ ಸುಮ್ಮನೆ ಎದ್ದು ಹೋಗಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಅವರ ಎದಿ ಗಟ್ಟಿ ಇರಲಿಲ್ಲ ಅಕ್ಕಾ. ಎಲ್ಲಾರಕಿಂತಾ ಕೆಳಗ ಇತ್ತು. ಮಷೀನು ಸರಿ ಹೇಳಿತ್ತು. ಅವರ ಸಾಲು ನಾನ ಅಳಿಸಿದೆ."

"ಯಾಕ್ರಿ?"

"ಚುಕ್ಕಿ ಗೆರಿ ಮ್ಯಾಲೆ ಕೂಡಲಿಲ್ಲ. ಏಳು ಮಂದೀದು ಕೂಡಲಿಲ್ಲ."

"ಕೂಡಲಿಲ್ಲಂದ್ರ ಕರದು ಕೇಳಬೇಕಿತ್ತಲ್ಲ. ಯಾಕಪಾ ನಿಂದು ಹಿಂಗದ ಅಂತ. ಇಲ್ಲೇ ಇದ್ದನಲ್ಲ ಅಂವ."

ಬೈದಿದ್ದರೆ, ಹೊಡೆದಿದ್ದರೆ ಅನುಸೂಯಾ ತಡೆದುಕೊಳ್ಳುತ್ತಿದ್ದಳು. ಆ ಹೆಂಗಸು ಹೇಳಿದ್ದು ಅವಳ ಪುಸ್ತಕಗಳೆಲ್ಲ ಹೇಳಿದ್ದನ್ನೇ. ಗೆರೆಯಿಂದ ದೂರ ಇರುವುದನ್ನು ಅಳಿಸುವ ಮೊದಲು ಅದು ಯಾಕೆ ದೂರ ಇದೆ ಅಂತ ಹೋಗಿ ನೋಡು. ಅವಳು ಮುಖ ಮುಚ್ಚಿಕೊಂಡಳು. ಕಾಶವ್ವ ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು?

ಅವಳ ಕೈಲಿದ್ದ ಚೀಟಿಯ ಕಡೆ ಬೆರಳು ತೋರಿದಳು. "ಉಳದ ಆರು ಮಂದಿ ಯಾರು? ಓದ್ರಿ."

ಅನುಸೂಯಾ ಚೀಟಿ ಓದಿದಳು. ಕಾಶವ್ವ ಒಂದೊಂದು ಹೆಸರಿಗೂ ತಲೆಯಾಡಿಸಿ, ಸೆರಗು ಬಿಗಿದು ಎದ್ದಳು. "ಮನಿ ತೋರಸ್ತೀನಿ ನಡೀರಿ. ಹೇಳೂದು ಮಾತ್ರ ನೀವ ಹೇಳಬೇಕು."

ಮಧ್ಯಾಹ್ನದ ಹೊತ್ತಿಗೆ ಆರೂ ಬಾಗಿಲು ಮುಗಿದವು. ನಾಲ್ಕು ಮಂದಿ ಸಿಕ್ಕರು; ಇನ್ನಿಬ್ಬರು ಕೆಲಸ ಬಿಟ್ಟು ಊರಿಗೆ ಹೋಗಿಬಿಟ್ಟಿದ್ದರು.