ಡಾಕ್ಟರ ಇಂಜಿನ್ನಿಗೆ ಬಂದ ಕಾಯಿಲೆ

ದೋಣಿಗಳು ತಂಗುವ ದಕ್ಕೆಯಲ್ಲಿ ಯಾರ ಇಂಜಿನ್ ಕೆಮ್ಮಿದರೂ ಮೊದಲು ಕೇಳಿಬರುತ್ತಿದ್ದ ಮಾತು ಒಂದೇ: "ಡಾಕ್ಟ್ರನ್ನ ಕರೀರಿ." ಡಾಕ್ಟರೆಂದರೆ ಹೆಗಲ ಮೇಲೆ ಟವೆಲು, ಕೈಯಲ್ಲಿ ಸ್ಪ್ಯಾನರು ಹಿಡಿದು ಬರುವ ಒಬ್ಬರು ವಯಸ್ಸಾದ ಬೆಸ್ತರು. ಬಂದವರು ಇಂಜಿನ್ನನ್ನು ಮುಟ್ಟುವ ಮೊದಲು ಒಂದು ಉಪದೇಶ ಮಾಡುತ್ತಿದ್ದರು. "ಮೊದಲು ಪೆಟ್ರೋಲು, ಆಮೇಲೆ ಕಿಡಿ, ಕೊನೆಗೆ ನೀರು. ಈ ಸಾಲು ತಪ್ಪಿಸಿದವನು ಸಾಯಂಕಾಲದವರೆಗೂ ಬಿಚ್ತಾ ಕೂತಿರ್ತಾನೆ." ಈ ಉಪದೇಶ ಕೇಳಿ ಕೇಳಿ ದಕ್ಕೆಯ ಕಾಗೆಗಳಿಗೂ ಬಾಯಿಪಾಠವಾಗಿತ್ತು.

ಅಂಥವರ ಇಂಜಿನ್ನೇ ಈಗ ಕೈಕೊಟ್ಟಿತ್ತು.

ಹೆಂಡತಿ ತೀರಿಕೊಂಡ ಮೇಲೆ ಡಾಕ್ಟರು ಕೆಲವು ತಿಂಗಳು ನೀರಿನ ಕಡೆ ತಲೆ ಹಾಕಿರಲಿಲ್ಲ. ಮತ್ತೆ ದೋಣಿ ಇಳಿಸಿದ ದಿನದಿಂದ ಒಂದೇ ಗೋಳು. ಹಗ್ಗ ಎಳೆದರೆ ಇಂಜಿನ್ ಮೊದಲ ಎಳೆತಕ್ಕೇ ಎದ್ದು ಕೂರುತ್ತಿತ್ತು. ದಾರಿಯ ಗುರುತಿಗೆ ತೇಲಿಬಿಟ್ಟ ಕೆಂಪು ಪೀಪಾಯಿಯ ಹತ್ತಿರ ಬರುವಷ್ಟರಲ್ಲಿ ಉಸಿರುಕಟ್ಟಿದವರಂತೆ ಒದ್ದಾಡಿ ನಿಂತುಬಿಡುತ್ತಿತ್ತು. ಆಮೇಲೆ ತೋಳು ಬಿದ್ದುಹೋಗುವಂತೆ ಎಳೆದರೂ ಗೊಣಗುವುದು, ಸುಮ್ಮನಾಗುವುದು. ದಡಕ್ಕೆ ತಂದು, ಪೆಟ್ರೋಲು ಎಷ್ಟಿದೆಯೆಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಮತ್ತೆ ಹಾಕಿ ಹಗ್ಗ ಎಳೆದರೆ ಏನೂ ಆಗಿಲ್ಲವೆಂಬಂತೆ ಹಾಡುವುದು!

ಪ್ರತಿಸಲವೂ ಎಳೆದು ತರುತ್ತಿದ್ದವನು ಪಕ್ಕದ ದೋಣಿಯ ಕುಳ್ಳ. ಡಾಕ್ಟರ ಉಪದೇಶವನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದ್ದವನೂ ಅವನೇ.

"ಏನ್ ಡಾಕ್ಟ್ರೇ, ರೋಗಿ ಹೇಗಿದ್ದಾನೆ?"

"ನೀನು ಹಗ್ಗ ಎಳಿ, ಮಾತು ಎಳೀಬೇಡ."

ಐಸು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮಗನಿಗೆ ಇದು ನಗುವ ವಿಷಯವಾಗಿರಲಿಲ್ಲ. "ಅಪ್ಪಾ, ದೂರ ಹೋದಾಗ ಹೀಗೆ ನಿಂತ್ರೆ ಯಾರು ಎಳೀತಾರೆ? ಭಾನುವಾರ ನಾನೂ ಬರ್ತೀನಿ. ಪೀಪಾಯಿ ಸುತ್ತಿ ವಾಪಸ್ ಬಂದ್ರೆ ನಿಮ್ಮಿಷ್ಟ. ನಿಂತ್ರೆ ಇಂಜಿನ್ ಮಾರಿಬಿಡ್ತೀನಿ. ನೀವು ಮನೇಲಿ ಆರಾಮಾಗಿ ಇರಿ."

ಡಾಕ್ಟರು ಸ್ಪ್ಯಾನರು ಕೈಗೆತ್ತಿಕೊಂಡರು. ಮನೆಯಲ್ಲಿ ಆರಾಮವಾಗಿರುವುದು ಎಂಥ ಕಷ್ಟದ ಕೆಲಸವೆಂದು ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ನೀರಿನ ಮೇಲಾದರೆ ಕೈಗೆ ಏನಾದರೂ ಕೆಲಸವಿರುತ್ತದೆ.

ಇಂಜಿನ್ನನ್ನು ಶೆಡ್ಡಿಗೆ ಹೊತ್ತು ತಂದರು. ಊರಿಗೆಲ್ಲ ಹೇಳಿದ ಸಾಲನ್ನು ತಾವೇ ತಪ್ಪಿಸಿ ಕಿಡಿಯಿಂದ ಶುರುಮಾಡಿದರು. ಪ್ಲಗ್ ಬಿಚ್ಚಿ, ಇಂಜಿನ್ನಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದರು. ನೀಲಿ ಕಿಡಿ ಚಟಚಟನೆ ಹಾರಿತು. ಆದರೂ ಹೊಸ ಪ್ಲಗ್ ಹಾಕಿದರು. ಆಮೇಲೆ ಇಂಜಿನ್ನಿನ ನೀರಿಗಿಳಿಯುವ ಕಾಲು ಬಿಚ್ಚಿ, ಇಂಜಿನ್ ತಣಿಸಲು ನೀರೆಳೆಯುವ ರಬ್ಬರ್ ಚಕ್ರ ನೋಡಿದರು. ರೆಕ್ಕೆಗಳೆಲ್ಲ ನೆಟ್ಟಗಿದ್ದವು. ಅದನ್ನೂ ಬದಲಾಯಿಸಿದರು. ಕಾರ್ಬ್ಯುರೇಟರ್ ತೊಳೆದರು. ಫಿಲ್ಟರ್ ಹೊಸದು ಹಾಕಿದರು. ಪೆಟ್ರೋಲ್ ಪೈಪಿನ ನಡುವೆ ಕೈಯಿಂದ ಹಿಸುಕುವ ರಬ್ಬರ್ ಬಲ್ಬು ಇಂಜಿನ್ ನಿಂತಾಗಲೆಲ್ಲ ಚಪ್ಪಟೆಯಾಗುತ್ತಿತ್ತು. ಅದಕ್ಕೇ ವಯಸ್ಸಾಗಿದೆಯೆಂದು ತೀರ್ಮಾನಿಸಿ ಅದನ್ನೂ ಬಿಸಾಡಿ ಹೊಸದು ತಂದರು. ಮೈಯೆಲ್ಲ ಹೊಸದಾದ ಇಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು, ಮುಚ್ಚಳವಿಲ್ಲದ ಹಳೇ ಡಬ್ಬಿಯಿಂದ ಪೆಟ್ರೋಲು ಕೊಟ್ಟು ಓಡಿಸಿದರು. ಮಧ್ಯಾಹ್ನವಿಡೀ ಓಡಿತು. ಪಕ್ಕದಿಂದ ನೀರು ಎಳೆ ಕಡಿಯದೆ ಚಿಮ್ಮುತ್ತಿತ್ತು. "ದೇವರೇ, ಇನ್ನೇನು ಬಾಕಿ ಉಳಿದಿದೆ, ನೀನೇ ತೋರಿಸಪ್ಪ" ಎಂದು ಕೈಮುಗಿದರು. ದೇವರು ಬಹುಶಃ ತೋರಿಸುತ್ತಲೇ ಇದ್ದ.

ಶೆಡ್ಡಿಗೆ ಇಣುಕಿದ ಕುಳ್ಳ ಕೇಳಿದ, "ಟ್ಯಾಂಕ್ ನೋಡಿದ್ರಾ?"

ಡಾಕ್ಟರಿಗೆ ರೇಗಿತು. "ಅದು ಅವಳ ಟ್ಯಾಂಕು ಕಣೋ. ಅದ್ರಲ್ಲಿ ಒಂದು ಹನಿ ನೀರಿಲ್ಲ, ಒಂದು ಚೂರು ಕಸ ಇಲ್ಲ. ಅದರ ಸುದ್ದಿ ಎತ್ತಬೇಡ."

ಮಾತು ನಿಜ. ಇಷ್ಟು ವರ್ಷವೂ ಟ್ಯಾಂಕು ಹೆಂಡತಿಯ ಪಾಲಿನದು. ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸುವವಳು ಅವಳು. ದೋಣಿಯಲ್ಲಿಟ್ಟು, ಪೈಪು ಸಿಕ್ಕಿಸಿ, ಬಲ್ಬು ಗಟ್ಟಿಯಾಗುವವರೆಗೆ ಹಿಸುಕಿ "ಹೂಂ" ಅನ್ನುವವಳು ಅವಳು. ಆ "ಹೂಂ" ಕೇಳಿದ ಮೇಲೆಯೇ ಡಾಕ್ಟರು ಹಗ್ಗ ಎಳೆಯುತ್ತಿದ್ದುದು. ಈಗ ಆ ಟ್ಯಾಂಕಿನ ಮೇಲೆ ಅನುಮಾನಪಡುವುದೆಂದರೆ, ಎದುರು ನಿಂತು ಉತ್ತರ ಕೊಡಲಾಗದವಳ ಮೇಲೆ ದೂರು ಹೇಳಿದಂತೆ.

ಭಾನುವಾರ ಬಂತು. ಮಗ ದೋಣಿಯ ಮುಂದುಗಡೆ ಕೂತ. ಯಾರೂ ಕರೆಯದಿದ್ದರೂ ಕುಳ್ಳ ಹಗ್ಗ ಸುತ್ತಿಟ್ಟುಕೊಂಡು ತನ್ನ ದೋಣಿಯಲ್ಲಿ ಹಿಂದೆಯೇ ಬಂದ. ಸ್ನೇಹಿತನ ಕಷ್ಟಕ್ಕೆ ಇಷ್ಟು ತಯಾರಾಗಿ ಬರುವವರು ಅಪರೂಪ.

ಪೀಪಾಯಿ ಕಣ್ಣಿಗೆ ಬಿದ್ದಿತು. ಇಂಜಿನ್ ಒಮ್ಮೆ ಕುಗ್ಗಿತು, ಒಮ್ಮೆ ಜೋರಾಯಿತು, ನಿಂತಿತು.

ಡಾಕ್ಟರು ಬಲ್ಬಿಗೆ ಕೈಹಾಕಿದರು. ನಿನ್ನೆ ತಂದ ಹೊಸ ಬಲ್ಬು. ಅದೂ ಒಣಗಿದ ಮಾವಿನ ಓಟೆಯಂತೆ ಚಪ್ಪಟೆ. ಹೊಸದಕ್ಕೂ ವಯಸ್ಸಾಯಿತೆನ್ನುವಂತಿರಲಿಲ್ಲ. ಬಲ್ಬಿನ ಒಂದು ಕಡೆಯಿಂದ ಇಂಜಿನ್ ಪೆಟ್ರೋಲು ಎಳೆಯುತ್ತಿದೆ, ಇನ್ನೊಂದು ಕಡೆಯಿಂದ ಏನೂ ಬರುತ್ತಿಲ್ಲ. ಆ ಕಡೆ ಇರುವುದು ಟ್ಯಾಂಕೊಂದೇ. ತಿರುಗಿ ನೋಡಿದರು. ಅದರ ಪ್ಲಾಸ್ಟಿಕ್ ಪಕ್ಕೆಗಳು ಹಲ್ಲಿಲ್ಲದವರ ಕೆನ್ನೆಯಂತೆ ಒಳಕ್ಕೆ ಎಳೆದುಕೊಂಡಿದ್ದವು. ಮುಚ್ಚಳದ ನಡುವೆ ಗಾಳಿಯನ್ನು ಒಳಬಿಡುವ ಪುಟ್ಟ ತಿರುಪು. ಅದು ಬಿಗಿಯಾಗಿ ಮುಚ್ಚಿತ್ತು.

ಬೇರೆಯವರ ದೋಣಿಯಾಗಿದ್ದರೆ ಮೊದಲು ಕೈ ಹೋಗುತ್ತಿದ್ದುದೇ ಅಲ್ಲಿಗೆ. "ಒಳಗೆ ಗಾಳಿ ಹೋಗದೆ ಹೊರಗೆ ಪೆಟ್ರೋಲು ಹೇಗೋ ಬರುತ್ತೆ, ಪೆದ್ದ!" ಎಂದು ಎಷ್ಟು ಜನರನ್ನು ಬೈದಿದ್ದರೋ! ತಮ್ಮ ದೋಣಿಯಲ್ಲಿ ಮಾತ್ರ ಆ ತಿರುಪನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಬೆಳಗ್ಗೆ ಅವಳು ಸಡಿಲಿಸುತ್ತಿದ್ದಳು. ಶೆಡ್ಡಿನಲ್ಲಿ ಪೆಟ್ರೋಲಿನ ವಾಸನೆ ಹರಡಬಾರದೆಂದು ಸಂಜೆ ಬಿಗಿಯುತ್ತಿದ್ದಳು. ಕೊನೆಯ ಸಲ ಬಿಗಿದದ್ದೂ ಅವಳ ಕೈಯೇ. ಅದು ಹಾಗೆಯೇ ಉಳಿದಿತ್ತು.

ಡಾಕ್ಟರ ಬೆರಳುಗಳು ತಿರುಪಿನ ಮೇಲೆ ನಿಂತವು. ತಿರುಗಿಸಲು ಮನಸ್ಸು ಬರಲಿಲ್ಲ.

"ಸಾಕು ಬಿಡಿ ಅಪ್ಪ," ಮಗ ಮೆಲ್ಲಗೆ ಹೇಳಿದ. "ಕುಳ್ಳಣ್ಣನಿಗೆ ಹಗ್ಗ ಹಾಕು ಅಂತೀನಿ."

"ತಡಿ."

ತಿರುಗಿಸಿದರು. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕು ಡಬ್ಬೆಂದು ಮೈ ಬಿಚ್ಚಿತು. ಬಲ್ಬನ್ನು ಹಿಸುಕಿದರು. ಅದು ತುಂಬಿ ಗಟ್ಟಿಯಾಯಿತು. ರೂಢಿಯಂತೆ ಒಂದು ಕ್ಷಣ ಕಾದರು. ಆಮೇಲೆ ಹಗ್ಗ ಎಳೆದರು.

ದೋಣಿ ಪೀಪಾಯಿಯನ್ನು ಸುತ್ತಿತು. ಮಗ ಸಾಕೆನ್ನುವವರೆಗೆ ಮತ್ತೆ ಮತ್ತೆ ಸುತ್ತಿತು. ಕುಳ್ಳ ಸುತ್ತಿದ ಹಗ್ಗವನ್ನು ಹಾಗೆಯೇ ಮನೆಗೆ ಕೊಂಡೊಯ್ಯಬೇಕಾಯಿತು.

ದಕ್ಕೆಯಲ್ಲಿ ಜನ ಸೇರಿದರು. "ಏನಾಗಿತ್ತು ಡಾಕ್ಟ್ರೇ?"

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಸುಳ್ಳು ಹೇಳಬೇಕಾದರೆ ಅವಳ ಕೆಲಸವನ್ನು ಮುಚ್ಚಿಡಬೇಕಿತ್ತು. "ಮುಚ್ಚಳದ ತಿರುಪು," ಎಂದರು. "ದಿನಾ ಅವಳು ತೆಗೀತಿದ್ಲು. ನಾನು ತೆಗೆದೇ ಇರಲಿಲ್ಲ. ಅಷ್ಟೇ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗೊಳ್ಳೆಂದು ನಕ್ಕರು.

"ನಮ್ಮ ಕಿವಿಗೆ ಹೂವು ಇಡ್ತಾರೆ ನೋಡ್ರಪ್ಪ!" ಎಂದ ಕುಳ್ಳ. "ಡಾಕ್ಟ್ರು ತಿರುಪು ಮರೀತಾರಂತೆ!"

"ಸತ್ಯವಾಗ್ಲೂ ಕಣೋ."

"ಆಯ್ತು ಬಿಡಿ, ಹೇಳಬೇಡಿ. ನಾವೇನು ಕಿತ್ಕೊಂಡು ಹೋಗ್ತೀವಾ?"

ಮಗ ನಗಲಿಲ್ಲ. ಬಾಗಿ, ಮುಚ್ಚಳದ ಮೇಲಿನ ತಿರುಪನ್ನು ಬೆರಳಿನಿಂದ ಮುಟ್ಟಿ ನೋಡಿದ. ಇಂಜಿನ್ ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಗ್ಗೆ ಡಾಕ್ಟರ ದೋಣಿ ಪೀಪಾಯಿ ದಾಟಿ ಹೋಗುತ್ತಿರುವಾಗ, ಕುಳ್ಳ ದಕ್ಕೆಯ ಮೇಲೆ ನಿಂತು ಪಕ್ಕದವನಿಗೆ ಹೇಳುತ್ತಿದ್ದ: "ಅದೇನೋ ಹೊಸ ಕಾಯಿಲೆ ಕಂಡುಹಿಡಿದಿದ್ದಾರೆ. ಕೇಳಿದ್ರೆ ತಿರುಪು ಅಂತಾರೆ. ದೊಡ್ಡವರು ಸ್ವಾಮಿ, ಅಷ್ಟು ಸುಲಭಕ್ಕೆ ಗುಟ್ಟು ಬಿಟ್ಟುಕೊಡ್ತಾರಾ?"