ಓಬಣ್ಣನ ಇನ್ನೂರಿಪ್ಪತ್ತು ನಿಮಿಷ

ರಬ್ಬರ್ ಬಟ್ಟಲಲ್ಲಿ ಒಣಗಿದ ಹಲ್ಲಚ್ಚಿನ ಗಾರೆಯನ್ನು ಹೆರೆದು ತೆಗೆಯುತ್ತಿದ್ದೆ. ಅನುಸೂಯ ಮೇಡಂ ಮೇಜಿನ ಹತ್ತಿರ ಕೂತು ಹೊಸ ರೇಟಿನ ಹಾಳೆ ಬರೆಯುತ್ತಿದ್ದರು.

ಹೊಸದುರ್ಗದ ಈ ಹಲ್ಲಿನ ಕ್ಲಿನಿಕ್‌ನಲ್ಲಿ ಪೂರ್ತಿ ಹಲ್ಲುಸೆಟ್ಟಿಗೆ ಆರು ಸಾವಿರ ಇತ್ತು. ನಿಜಕ್ಕೂ ಎಷ್ಟು ಬೀಳುತ್ತದೆ ನೋಡೋಣ ಅಂತ ಮೇಡಂ ಒಬ್ಬರ ಲೆಕ್ಕ ಹಿಡಿದಿದ್ದರು. ಮಾಡದಕೆರೆಯ ಕುರಿಗಾಹಿ ಓಬಣ್ಣ. ನಿಮಿಷ ಬರೆಯೋದು ನನ್ನ ಕೆಲಸ.

"ಏನವ್ವ ಮಮತಾ, ಗಡಿಯಾರ ನೋಡ್ತಾನೇ ಇದ್ದೀಯ, ಬಸ್ಸು ಹಿಡೀಬೇಕೇನು?" ಅಂತ ಓಬಣ್ಣ ನಗಿಸುತ್ತಿದ್ದರು.

ಅಚ್ಚು, ಅಳತೆ, ಮೇಣದಲ್ಲಿ ಹಲ್ಲು ಕೂರಿಸಿ ನೋಡೋದು ಎಲ್ಲ ಸೇರಿ ಐದು ಸಲಕ್ಕೆ ನೂರಾ ಎಪ್ಪತ್ತೈದು ನಿಮಿಷ. ಆಮೇಲೆ ಒತ್ತುತ್ತೆ ಅಂತ ಬಂದು ಮೂರು ಸಲ ಸೆಟ್ಟನ್ನು ಉಜ್ಜಿಸಿಕೊಂಡಿದ್ದು ನಲವತ್ತೈದು. ಅದರಲ್ಲಿ ಅರ್ಧ ಅವರು ಕುರಿ ಕಥೆ ಹೇಳಿದ್ದು. ಅದನ್ನೂ ಬರೆದೆ.

"ಕಥೆ ಹೇಳಿದ್ರೂ ಕುರ್ಚಿ ಖಾಲಿ ಇರಲಿಲ್ಲವಲ್ಲ," ಅಂದಿದ್ದರು ಮೇಡಂ.

ಬಾಡಿಗೆ ಹತ್ತು ಸಾವಿರ, ನನ್ನ ಸಂಬಳ ಒಂಬತ್ತು, ಕುರ್ಚಿಯ ಸಾಲದ ಕಂತು ಹನ್ನೊಂದು, ಕರೆಂಟು, ನೀರು, ಕಸ ಆರು. ತಿಂಗಳಿಗೆ ಮೂವತ್ತಾರು ಸಾವಿರ. ಕುರ್ಚಿಯಲ್ಲಿ ಜನ ಕೂರೋದು ತಿಂಗಳಿಗೆ ನೂರು ತಾಸು. ನಿಮಿಷಕ್ಕೆ ಆರು ರೂಪಾಯಿ. ಓಬಣ್ಣನ ಇನ್ನೂರಿಪ್ಪತ್ತು ನಿಮಿಷಕ್ಕೆ ಸಾವಿರದ ಮುನ್ನೂರಿಪ್ಪತ್ತು. ಅಚ್ಚಿನ ಪುಡಿ, ಮೇಣ, ಗ್ಲೌಸು ಏಳ್ನೂರು. ಹಲ್ಲು ಮಾಡುವ ಲ್ಯಾಬಿಗೆ ಮೂರು ಸಾವಿರದ ಇನ್ನೂರು. ಮೇಡಂ ತಮ್ಮ ಕೂಲಿಯನ್ನು ಯಾವತ್ತೂ ಸೇರಿಸಿರಲಿಲ್ಲ. ನಿಮಿಷಕ್ಕೆ ಹತ್ತರಂತೆ ಸೇರಿಸಿದರೆ ಎರಡು ಸಾವಿರದ ಇನ್ನೂರು. ಒಟ್ಟು ಏಳು ಸಾವಿರದ ನಾನೂರಿಪ್ಪತ್ತು. ಹಾಳೆಯಲ್ಲಿ ಏಳೂವರೆ ಸಾವಿರ ಅಂತ ಬರೆದು ಗೋಡೆಗೆ ಅಂಟಿಸಿದರು.

"ಒಬ್ಬರಿಗೆ ಹಳೇ ರೇಟಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತೆ, ಮಮತಾ."

ನಾನು ತಲೆಯಾಡಿಸಿದೆ.

ಹನ್ನೊಂದರ ಹೊತ್ತಿಗೆ ಓಬಣ್ಣನ ಹೆಂಡತಿ ಏಕನಾಥಮ್ಮ ಬಂದರು. ಅವರ ಹಲ್ಲು ಕಿತ್ತು ನಾಲ್ಕು ತಿಂಗಳಾಗಿತ್ತು, ವಸಡು ಮಾಗಿತ್ತು. ಹಣೆ ಬರಿದಾಗಿತ್ತು. ನನಗೆ ಆಗಲೇ ಗೊತ್ತಾಯಿತು.

"ಯಜಮಾನ್ರು ಹೋದ ತಿಂಗಳು ತೀರ್ಕಂಡ್ರು," ಅಂದರು. "ಹೋತ ಮಾರಿ ಆರು ಸಾವಿರ ತಂದೀನಿ, ಮೇಡಮ್ಮಾರೆ."

ಮೇಡಂ ಗೋಡೆಯ ಹಾಳೆ ನೋಡಿದರು. "ಈಗ ಏಳೂವರೆ ಆಗಿದೆ, ಅಜ್ಜಿ."

"ಅವರ್ದು ಆರೇ ಆತಲ್ಲ?"

"ಅವರದ್ರಲ್ಲೇ ಲೆಕ್ಕ ಹಾಕಿ ನೋಡಿದ್ವಿ, ಆರು ಸಾಲಲ್ಲ."

ಆ ನಿಮಿಷಗಳನ್ನು ಬರೆದವಳು ನಾನು ಅಂತ ಹೇಳಬೇಕೆನಿಸಿತು. ಬಟ್ಟಲು ಹೆರೆಯುತ್ತಲೇ ಇದ್ದೆ.

ಏಕನಾಥಮ್ಮ ಸೆರಗಿನ ಗಂಟು ಬಿಚ್ಚಿದರು. ಒಳಗೆ ಹಲ್ಲಿನ ಸೆಟ್ಟು, ಮೇಲಿನದು, ಕೆಳಗಿನದು, ತೊಳೆದು ಒರೆಸಿದ್ದು.

"ಹಂಗಾರೆ ಹೊಸದು ಬ್ಯಾಡ ಬಿಡ್ರಿ. ಮಣ್ಣಿಗೆ ಹಾಕಾಗ ಇವನ್ನ ತೆಗ್ದಿಟ್ಕಂಡಿದ್ದೆ."

"ಅಜ್ಜಿ, ಒಬ್ಬರದು ಇನ್ನೊಬ್ಬರಿಗೆ ಕೂರಲ್ಲ. ಇದು ಅವರ ವಸಡಿನ ಅಚ್ಚು."

ಏಕನಾಥಮ್ಮ ಕುರ್ಚಿ ಹತ್ತಿ ಕೂತರು. ಗೋಡೆಯ ಗಡಿಯಾರದ ಕಡೆ ನನ್ನ ಕಣ್ಣು ತಾನಾಗಿ ಹೋಯಿತು. ನಾಚಿ ತಲೆ ತಗ್ಗಿಸಿದೆ.

"ಅವರಿಗೆ ಮೂರು ಸಲ ಉಜ್ಜಿ ಕೊಟ್ರಿ, ಒಂದು ರೂಪಾಯಿ ಕೇಳಲಿಲ್ಲ," ಅಂದರು, ಸೆಟ್ಟನ್ನು ಮೇಡಂ ಕಡೆ ಚಾಚಿ. "ನನಗೂ ಒಂದು ಸಲ ಉಜ್ಜಿ ಕೊಡ್ರಿ."