ಸೀಲು ಒಡೆಯದ ಡಬ್ಬಿ

ಹಾಳು ಶೇಂಗಾ ಬೀಜವೊಂದು ಗಂಟಲಿಗೆ ಸಿಕ್ಕಿ ಅವಳ ಮೊದಲ ಮಗು ಮಡಿಲಲ್ಲೇ ಕಣ್ಣುಮುಚ್ಚಿತ್ತು. ಆಮೇಲೆ ಆ ಮನೆಯಲ್ಲಿ ಅದರ ಹೆಸರನ್ನು ಅತ್ತೆಯೂ ಎತ್ತುತ್ತಿರಲಿಲ್ಲ.

ಎರಡನೆಯದಕ್ಕೆ ಮೈತುಂಬ ಇಸುಬು. ಡಾಕ್ಟರು ಐದನೇ ತಿಂಗಳಲ್ಲೇ ಶೇಂಗಾ ಅಲರ್ಜಿ ಇದೆಯೇ ಎಂದು ಚರ್ಮದ ಪರೀಕ್ಷೆ ಮಾಡಿ, ಇನ್ನೂ ಇಲ್ಲವೆಂದು ಕಂಡು, ಬಿಡಿಸಿ ಹೇಳಿದ್ದರು: "ಇಂಥ ಮಕ್ಕಳಿಗೇ ಶೇಂಗಾ ಅಲರ್ಜಿ ಜಾಸ್ತಿ. ಈಗಲೇ ರೂಢಿ ಮಾಡಿಸಿದ್ರೆ ಬಹಳಷ್ಟು ಸಲ ತಪ್ಪುತ್ತೆ. ಐದು ವರ್ಷದವರೆಗೆ ಇಡೀ ಬೀಜ ಬೇಡ, ಬೀಜದ ಚೂರೂ ಬೇಡ, ಗಂಟಲಿಗೆ ಸಿಕ್ಕೀತು. ನುಣ್ಣಗೆ ಅರೆದ ಪೇಸ್ಟನ್ನ ಬಿಸಿನೀರಲ್ಲಿ ತೆಳ್ಳಗೆ ಕದಡಿ, ಊಟಕ್ಕೆ ಬೆರೆಸಿ. ವಾರವಾರವೂ ಬಿಡದೆ ಕೊಡಿ."

ಅವಳು ಡಬ್ಬಿ ತಂದಳು. ಮುಚ್ಚಳಕ್ಕೆ ಕೈಯಿಟ್ಟಾಗಲೆಲ್ಲ ನೀಲಿಗಟ್ಟಿದ ಆ ಪುಟ್ಟ ತುಟಿ ಕಣ್ಣಿಗೆ ಕಟ್ಟುತ್ತಿತ್ತು. ನಾಳೆ ಕೊಟ್ಟರಾಯಿತೆಂದು ಅದನ್ನು ಅಕ್ಕಿಡಬ್ಬದ ಹಿಂದೆ ತಳ್ಳುತ್ತಿದ್ದಳು. ಡಾಕ್ಟರು ಕೇಳಿದಾಗಲೆಲ್ಲ, "ಕೊಡ್ತಾ ಇದೀನಿ" ಎನ್ನುತ್ತಿದ್ದಳು.

ವರ್ಷ ತುಂಬಿದ ಮೇಲೆ ಪಕ್ಕದ ಮನೆಯಾಕೆ ಅಕ್ಕರೆಯಿಂದ ಶೇಂಗಾ ಪೇಸ್ಟ್ ಸವರಿದ ಬ್ರೆಡ್ಡನ್ನು ಮಗುವಿನ ಬಾಯಿಗಿಟ್ಟಳು. ಮುಖ ಊದಿತು, ಮೈಯೆಲ್ಲ ದದ್ದೆದ್ದಿತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ತೊಡೆಗೆ ಚುಚ್ಚಿದ ಇಂಜೆಕ್ಷನ್ನು ಜೀವ ಉಳಿಸಿತು.

ಡಾಕ್ಟರು ಅವಳ ಪಕ್ಕದಲ್ಲೇ ಕೂತರು. "ಇನ್ಮೇಲೆ ಈ ಇಂಜೆಕ್ಷನ್ ಸದಾ ಜೊತೇಲಿರಲಿ. ಮನಸ್ಸಿಗೆ ಹಚ್ಕೋಬೇಡಿ ತಾಯಿ. ನೀವು ಬಿಡದೆ ಕೊಟ್ರಿ. ಕೊಟ್ರೂ ಕೆಲವು ಮಕ್ಕಳಿಗೆ ಹೀಗಾಗುತ್ತೆ. ನಿಮ್ಮ ತಪ್ಪೇನಿಲ್ಲ."

ಅವಳು ಮಗುವಿನ ಹೊದಿಕೆ ಸರಿಪಡಿಸಿದಳು.

ಅತ್ತೆ ಸೊಸೆಯ ಬೆನ್ನು ಸವರಿದರು. "ಕೇಳಿದ್ಯಾ, ಈ ಸಲವೂ ನಿನ್ನ ತಪ್ಪಲ್ಲ. ಉಳಿದಿರೋ ಪೇಸ್ಟನ್ನ ಮನೆಗೆ ಹೋದ ತಕ್ಷಣ ನಾನೇ ಎಸೀತೀನಿ. ಆ ಡಬ್ಬಿ ಎಲ್ಲಿಟ್ಟಿದೀಯ, ಹೇಳು."